ಈಸಾಪ್ ಶೇರು ಮಾರೋಕೆ ಯಾವಾಗ ಆಗುತ್ತೆ?

ಪ್ರಶ್ನೆ (ಸಿಎಫ್‌ಒ, ಪೀಣ್ಯದ ಲಿಸ್ಟೆಡ್ ಕಂಪನಿ): ಮೇ 28ಕ್ಕೆ ನಮ್ಮ ಕಂಪನಿಯ 400 ಶೇರು ಮಾರ್ಕೆಟ್‌ನಲ್ಲಿ 900ಕ್ಕೆ ಕೊಂಡೆ. ಆಗಸ್ಟ್‌ನಲ್ಲಿ ಈಸಾಪ್, ಅಂದರೆ ಕಂಪನಿ ಉದ್ಯೋಗಿಗೆ ಕೊಡುವ ಶೇರಿನ ಹಕ್ಕು, ಎಕ್ಸರ್ಸೈಸ್ ಮಾಡಿ 1,500 ಶೇರು ಬಂತು. ಈಗ ಬೆಲೆ 1,150. ಮಗಳ ಫೀಸ್‌ಗೆ ಈ ತಿಂಗಳು (ಸೆಪ್ಟೆಂಬರ್) 1,200 ಈಸಾಪ್ ಶೇರು ಮಾರಬೇಕು. ಟ್ರೇಡಿಂಗ್ ವಿಂಡೋ ತೆರೆದಿದೆ. ತೊಂದರೆ ಇದೆಯಾ?

ಸ್ಟಾಕ್ ಬ್ರೋಕರ್, ಮೈಸೂರು: ಏನೂ ತೊಂದರೆ ಇಲ್ಲ ಸರ್. ಕೊಂಡ ಮೇಲೆ ಆರು ತಿಂಗಳು ಮಾರಬಾರದು ಅನ್ನೋ ಕಾಂಟ್ರಾ ಟ್ರೇಡ್ ನಿಯಮ ಈಸಾಪ್‌ಗೆ ಇಲ್ಲ. ಆರು-ಆರು ನೂರು ಶೇರಾಗಿ ಎರಡು ಸಲ ಮಾರಿ. ಒಂದೊಂದು ಹತ್ತು ಲಕ್ಷದ ಒಳಗೇ ಇರುತ್ತೆ, ಡಿಸ್‌ಕ್ಲೋಷರ್ ಕೂಡ ಬೇಡ.

ಕಂಪನಿ ಸೆಕ್ರೆಟರಿ, ಬೆಂಗಳೂರು: ಬ್ರೋಕರ್ ಸರ್ ಹೇಳಿದ್ದು ಅರ್ಧ ಸರಿ. ಎಕ್ಸರ್ಸೈಸ್ ಮಾಡಿ ಪಡೆದ ಶೇರನ್ನು ಆರು ತಿಂಗಳೊಳಗೆ ಮಾರಿದರೆ, ಆ ಎಕ್ಸರ್ಸೈಸ್‌ಗೆ ಎದುರಾಗಿ ಅದು ಕಾಂಟ್ರಾ ಅಲ್ಲ. ಆದರೆ ನಿಮಗೆ ಮೇ ತಿಂಗಳ ಖರೀದಿ ಇದೆಯಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಮಾರುವುದು ಈಸಾಪ್ ಶೇರಾದರೆ ಆ ಖರೀದಿಗೆ ಎದುರಾಗಿಯೂ ಅದು ಕಾಂಟ್ರಾ ಟ್ರೇಡ್ ಅಲ್ಲ, ಆದರೆ ಆ 400 ಶೇರನ್ನು ಆರು ತಿಂಗಳು ಮಾರುವಂತಿಲ್ಲ. ಸೆಬಿಯ ಪ್ರಶ್ನೋತ್ತರದಲ್ಲಿ ಇಂಥದೇ ಉದಾಹರಣೆ ಇದೆ. ಹಾಗಾಗಿ ಆ 400ಕ್ಕೆ ನವೆಂಬರ್ 28 ದಾಟಬೇಕು.

ಆ 400 ಶೇರನ್ನು ಈಗಲೇ ಮಾರಿದರೆ ಒಂದಕ್ಕೆ 250 ರೂಪಾಯಿಯಂತೆ ಒಂದು ಲಕ್ಷ ಲಾಭ. ಅದನ್ನು ಸೆಬಿಯ ಹೂಡಿಕೆದಾರರ ರಕ್ಷಣಾ ನಿಧಿಗೆ ಕಟ್ಟಬೇಕಾಗುತ್ತೆ.   ಆದರೂ ನಿಮ್ಮ ಕಂಪನಿಯ ಕೋಡ್ ಓದಿ. ಕಾಂಪ್ಲಯನ್ಸ್ ಆಫೀಸರ್ ಕಾರಣ ಬರೆದಿಟ್ಟು ಈ ಆರು ತಿಂಗಳ ನಿಯಮದಿಂದ ವಿನಾಯಿತಿ ಕೊಡಬಹುದು. ಆದರೆ ಕೇಳಬೇಕಾದ್ದು ಮಾರುವ ಮೊದಲು, ಮಾರಿದ ಮೇಲಲ್ಲ.

ಹತ್ತು ಲಕ್ಷದ ಲೆಕ್ಕ ಒಂದೊಂದು ವಹಿವಾಟಿಗಲ್ಲ, ಇಡೀ ಕ್ಯಾಲೆಂಡರ್ ಕ್ವಾರ್ಟರ್‌ಗೆ. 600 ಶೇರಿಗೆ 6.9 ಲಕ್ಷ, ಎರಡು ಸೇರಿದರೆ 13.8 ಲಕ್ಷ. ಗೆರೆ ದಾಟಿದ ಮೇಲೆ ಎರಡು ಟ್ರೇಡಿಂಗ್ ದಿನದೊಳಗೆ ಕಂಪನಿಗೆ, ಕಂಪನಿಯಿಂದ ಇನ್ನೆರಡು ದಿನದೊಳಗೆ ಎಕ್ಸ್‌ಚೇಂಜ್‌ಗೆ ತಿಳಿಯಬೇಕು. ಈಗ ಡಿಪಾಸಿಟರಿಯೇ ಪ್ಯಾನ್ ನೋಡಿ ಇದನ್ನು ಹಿಡಿಯುತ್ತೆ. ಕಂಪನಿ ನಿಮ್ಮ ಪ್ಯಾನ್ ಹಾಕದಿದ್ದರೆ ಹಿಡಿಯಲ್ಲ, ಆಗ ತಪ್ಪು ನಿಮ್ಮ ತಲೆಗೆ ಬರುತ್ತೆ. ಅಂದಹಾಗೆ, ಡಿಸ್‌ಕ್ಲೋಷರ್ ಲೆಕ್ಕಕ್ಕೆ ಆಗಸ್ಟ್‌ನ ಎಕ್ಸರ್ಸೈಸ್ ಕೂಡ ಸೇರುತ್ತೆ. ನಿಮ್ಮ ಸಿಎಸ್ ಬಳಿ ಒಮ್ಮೆ ವಿಚಾರಿಸಿ.

ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು: ಈಸಾಪ್‌ಗೆ ಟ್ಯಾಕ್ಸ್ ಎರಡು ಸಲ ಕಟ್ಟಬೇಕಂತೆ, ನಿಜಾನಾ?

ಕಂಪನಿ ಸೆಕ್ರೆಟರಿ: ಅದು ಬೇರೆ ವಿಷಯ, ಬೇರೆ ಪೋಸ್ಟ್ ಹಾಕಿ ಸರ್.

ಪ್ರಮೋಟರ್ ಕುಟುಂಬದವರು, ಹುಬ್ಬಳ್ಳಿ: ನಮ್ಮಣ್ಣ ವಿಂಡೋ ಮುಚ್ಚಿದ್ದಾಗ ಬ್ಯಾಂಕಿಗೆ ಶೇರು ಅಡ ಇಟ್ಟಾನ. ಮಾರಿಲ್ಲ, ಅಡ ಅಷ್ಟೇ. ಅದೂ ಟ್ರೇಡಿಂಗಾ?

ಕಂಪನಿ ಸೆಕ್ರೆಟರಿ: ಹೌದು, ಈ ನಿಯಮದಲ್ಲಿ ಅಡ ಇಡೋದೂ ಟ್ರೇಡಿಂಗೇ. ದುಡ್ಡು ಹೊಂದಿಸೋದು ಮುಂತಾದ ಪ್ರಾಮಾಣಿಕ ಉದ್ದೇಶಕ್ಕೆ ವಿಂಡೋ ಮುಚ್ಚಿದ್ದಾಗಲೂ ಇಡಬಹುದು. ಆದರೆ ಮೊದಲೇ ಕಾಂಪ್ಲಯನ್ಸ್ ಆಫೀಸರ್ ಒಪ್ಪಿಗೆ ಬೇಕು. ಅಣ್ಣ ತಗೊಂಡಿದ್ದಾರಾ? ಪ್ರಮೋಟರ್ ಅಡಕ್ಕೆ ಟೇಕೋವರ್ ನಿಯಮದಲ್ಲಿ ಬೇರೆ ಡಿಸ್‌ಕ್ಲೋಷರ್ ಕೂಡ ಇದೆ.

ಹುಬ್ಬಳ್ಳಿ: ಕೇಳಿ ಹೇಳ್ತೀನಿ. ಈಗ ಫೋನ್ ಎತ್ತವಲ್ಲ.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಆದರೂ ಅವಸರ ಬೇಡ, ಸೆಪ್ಟೆಂಬರ್ ಬಿಟ್ಟೆ. ಎರಡನೇ ಕ್ವಾರ್ಟರ್ ರಿಸಲ್ಟ್ ನವೆಂಬರ್ 10ರ ಸುಮಾರಿಗೆ ಬರುತ್ತೆ. ಅದಾಗಿ 48 ಗಂಟೆಗೆ ವಿಂಡೋ ತೆರೆಯುತ್ತೆ. ನವೆಂಬರ್ 28 ಆದ ಮೇಲೆ ಪ್ರೀ-ಕ್ಲಿಯರೆನ್ಸ್ ಕೇಳ್ತೀನಿ. ಒಂದೇ ವಿಷಯ, ಬೇರೆ ಒಂದು ಯೂನಿಟ್ ಕೊಳ್ಳೋ ಮಾತುಕತೆ ನಡೀತಿದೆ, ಬೋರ್ಡ್ ಇನ್ನೂ ಒಪ್ಪಿಲ್ಲ. ಅದು ಅಡ್ಡ ಬರಲ್ಲ ಅಲ್ವಾ?

ಸ್ಟಾಕ್ ಬ್ರೋಕರ್: ವಿಂಡೋ ತೆರೆದು ಪ್ಯಾನ್ ಫ್ರೀಜ್ ಆಗಿಲ್ಲ ಅಂದರೆ ಮಾರಬಹುದು ಸರ್.

ಕಂಪನಿ ಸೆಕ್ರೆಟರಿ: ಸರ್, ಮೊದಲು ಆ ಸಾಲು ಅಳಿಸಿ. ಕಂಪನಿ ಹೆಸರು ಹಾಕಿಲ್ಲ, ಪುಣ್ಯ. ಆದರೂ ಅಂಥ ಸುದ್ದಿ ಹೊರಗೆ ಹೇಳೋದೇ ತಪ್ಪು.

ಪ್ಯಾನ್ ಫ್ರೀಜ್ ಆಗೋದು ರಿಸಲ್ಟ್ ಹೊತ್ತಿಗೆ. ಮಾತುಕತೆ ಗುಟ್ಟಾಗಿ ನಡೆಯುವಾಗ ಯಾವ ಸಿಸ್ಟಮ್ಮೂ ನಿಮ್ಮನ್ನು ತಡೆಯಲ್ಲ. ಬೆಲೆ ಅಲ್ಲಾಡಿಸುವ ಸುದ್ದಿ ನಿಮಗೆ ಗೊತ್ತಿದ್ದು ಮಾರಿದರೆ, ಗೊತ್ತಿದ್ದಕ್ಕೇ ಮಾರಿದಿರಿ ಅಂತಲೇ ಭಾವಿಸುತ್ತಾರೆ. ಫೀಸ್ ಕಟ್ಟೋಕೆ ಅಂದರೂ ಕೇಳಲ್ಲ. ಪ್ರೀ-ಕ್ಲಿಯರೆನ್ಸ್ ಅರ್ಜಿ ಜೊತೆ 'ಇಂಥ ಸುದ್ದಿ ನನ್ನ ಬಳಿ ಇಲ್ಲ' ಅಂತ ಬರೆದುಕೊಡಬೇಕಲ್ಲ. ಈ ಸ್ಥಿತಿಯಲ್ಲಿ ಅದಕ್ಕೆ ನೀವು ಸಹಿ ಹಾಕೋಕಾಗಲ್ಲ.

ಪ್ರಶ್ನೆ ಕೇಳಿದವರು: ಅಳಿಸಿದೆ ಮೇಡಂ. ಫೀಸ್‌ಗೆ ಸದ್ಯ ಎಜುಕೇಷನ್ ಲೋನ್. ಆ ಮಾತುಕತೆ ಮುರಿದು ಬಿದ್ದರೆ?

ಕಂಪನಿ ಸೆಕ್ರೆಟರಿ: ಕೈಬಿಟ್ಟಿದ್ದು ಬರಹದಲ್ಲಿರಲಿ, ಕಂಪನಿಯ ಡಿಜಿಟಲ್ ಡೇಟಾಬೇಸ್‌ನಲ್ಲೂ ದಾಖಲಾಗಲಿ. ಆಮೇಲೆ ಅರ್ಜಿ ಹಾಕಿ. ಒಪ್ಪಿಗೆ ಸಿಕ್ಕ ಮೇಲೆ ಏಳು ಟ್ರೇಡಿಂಗ್ ದಿನದೊಳಗೆ ಮಾರಿ, ಇಲ್ಲದಿದ್ದರೆ ಮತ್ತೆ ಕೇಳಬೇಕು. ಮತ್ತೆ, ಅಲ್ಲಿಯವರೆಗೆ ನಿಮ್ಮ ಮನೆಯವರ ಡಿಮ್ಯಾಟ್‌ನಲ್ಲೂ ಈ ಶೇರು ಮುಟ್ಟಬೇಡಿ.