ಅಪ್‌ಡೇಟ್: ಅಮಾನತು ವಿಸ್ತರಣೆ ವಿರುದ್ಧದ ಮೇಲ್ಮನವಿ

ಆಗ ಕೇಳಿದ್ದು: "ಕಾರವಾರದಲ್ಲಿ ಕೇಂದ್ರ ಸರ್ಕಾರಿ ಕಚೇರಿಯೊಂದರ ಸಹೋದ್ಯೋಗಿ ಮಾರ್ಚ್ 3ರಿಂದ ಅಮಾನತಿನಲ್ಲಿದ್ದಾರೆ. ಜೂನ್ 9ಕ್ಕೆ ವಿಸ್ತರಣೆ ಆದೇಶ ಹೊರಟಿದೆ. ಏನಾದರೂ ಮಾಡಬಹುದಾ?"

ಮೇಲ್ಮನವಿ ಒಪ್ಪಿಗೆಯಾಗಿ ಅಮಾನತು ರದ್ದಾಗಿದೆ. ಗೆಲ್ಲಿಸಿದ್ದು ದಿನಾಂಕವೊಂದೇ. ಕೇಂದ್ರ ಸರ್ಕಾರಿ ನೌಕರರ ಶಿಸ್ತು ನಿಯಮಗಳಾದ 1965ರ ಸಿಸಿಎಸ್ (ಸಿಸಿಎ) ನಿಯಮ 10ರ ಪ್ರಕಾರ ಅಮಾನತು ಜಾರಿಯಾದ 90 ದಿನದೊಳಗೆ ಪರಿಶೀಲನೆ ನಡೆದು ವಿಸ್ತರಣೆಯೂ ಆಗಿರಬೇಕು. ಇಲ್ಲದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಮಾರ್ಚ್ 3ನ್ನೂ ಸೇರಿಸಿ ಎಣಿಸಿದರೆ ಮೇ 31ಕ್ಕೆ 90 ದಿನ ಮುಗಿದಿತ್ತು. ವಿಸ್ತರಣೆ ಆದೇಶದ ಎರಡನೇ ಪ್ಯಾರಾದಲ್ಲಿ ಅಮಾನತು ಪರಿಶೀಲಿಸುವ "ಸಮಿತಿ ಜೂನ್ 6ರಂದು ಸಭೆ ಸೇರಿತು" ಎಂದು ಕಚೇರಿಯವರೇ ಬರೆದಿದ್ದರು. ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದು ಪ್ರತಿ ಲಗತ್ತಿಸಿದೆವು. ಅವಧಿ ಮುಗಿದ ಮೇಲಿನ ಪರಿಶೀಲನೆ ಸತ್ತ ಅಮಾನತಿಗೆ ಜೀವ ಕೊಡದು ಎಂದು ದೀಪಕ್ ಮಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದೇಶ ಕೈಗೆ ಬಂದದ್ದು ಜೂನ್ 12ಕ್ಕೆ. ಮೇಲ್ಮನವಿಗೆ 45 ದಿನ, ಅಂದರೆ ಜುಲೈ 27ರವರೆಗೆ ಸಮಯ. ಮೇಲ್ಮನವಿ ಪ್ರಾಧಿಕಾರಕ್ಕೆ ನೇರವಾಗಿ ಕೊಟ್ಟು, ಆದೇಶ ಹೊರಡಿಸಿದ ಅಧಿಕಾರಿಗೂ ಒಂದು ಪ್ರತಿ ಕಳಿಸಬೇಕು. ಆರೋಪ ಸುಳ್ಳೆಂಬ ವಾದವನ್ನು ಇದರಲ್ಲಿ ಬೆರೆಸಲೇ ಇಲ್ಲ, ಅದು ಸರಿಯಾದ ತೀರ್ಮಾನ.

ಆದರೆ ಇಲಾಖಾ ವಿಚಾರಣೆ ನಿಂತಿಲ್ಲ. ಆರೋಪಪಟ್ಟಿ ಹಾಗೇ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಶಿರಸಿಯಿಂದ ಕೇಳಿದವರಿಗೆ: ನೀವು ರಾಜ್ಯ ಸರ್ಕಾರಿ ನೌಕರರು, ನಿಮಗೆ ಅನ್ವಯಿಸುವುದು 1957ರ ಕರ್ನಾಟಕ ನಿಯಮಗಳು. ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ.