ಅಪ್‌ಡೇಟ್: ಕುಗ್ಗಿದ ಉಣ್ಣೆ ಸ್ವೆಟರ್ ಎಷ್ಟು ಸರಿಯಾಯ್ತು

ನಾನು ಕೇಳಿದ್ದು: "ಲಾಂಡ್ರಿಗೆ ಕೊಟ್ಟ ಅಪ್ಪಟ ಉಣ್ಣೆಯ ಸ್ವೆಟರ್ ಕುಗ್ಗಿ ಬಂದಿದೆ. ಎಳೆದು ಮೊದಲಿನ ಅಳತೆಗೆ ತರಬಹುದಾ?"

ಮೈ ಭಾಗ ಬಂತು, ತೋಳು ಬರಲಿಲ್ಲ. ಬಕೆಟ್ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಹೇರ್ ಕಂಡೀಷನರ್ ಕಲಸಿ ಅರ್ಧ ಗಂಟೆ ನೆನೆಸಿದೆ. ಹಿಂಡಲಿಲ್ಲ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದೆ. ಆಮೇಲೆ ದಪ್ಪ ಚಾಪೆ ಮೇಲೆ ಹರಡಿ, ಸರಿಯಾಗಿ ಕೂರುವ ಇನ್ನೊಂದು ಸ್ವೆಟರಿನ ಅಳತೆ ಹಿಡಿದು, ಅಂಗೈಯಿಂದ ಎಲ್ಲಾ ಕಡೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ತುಕ್ಕು ಹಿಡಿಯದ ಪಿನ್ ಚುಚ್ಚಿದೆ. ಕೆಳಗಿನ ಪಟ್ಟಿಗೆ ಮಾತ್ರ ಪಿನ್ ಹಾಕಲಿಲ್ಲ, ಅದನ್ನು ಎಳೆದರೆ ಹಿಡಿತವೇ ಹೋಗುತ್ತೆ. ಪೂರ್ತಿ ಒಣಗುವ ತನಕ ಪಿನ್ ತೆಗೆಯಬಾರದು, ಇಲ್ಲಾಂದ್ರೆ ಮತ್ತೆ ಒಳಕ್ಕೆ ಸರಿಯುತ್ತೆ.

ತೋಳಿನಲ್ಲಿ ಹೆಣಿಗೆಯ ಕುಣಿಕೆಗಳೇ ಕಾಣ್ತಿರಲಿಲ್ಲ, ಕಂಬಳಿ ತರಹ ಗಟ್ಟಿ. ಬಿಸಿನೀರು, ಉಜ್ಜಾಟದಲ್ಲಿ ಎಳೆಗಳ ಮೇಲಿನ ಹುರುಪೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತೆ. ಕಂಡೀಷನರ್ ಎಳೆಗಳನ್ನು ಜಾರಿಸುತ್ತೆ ಅಷ್ಟೇ, ಆ ಗಂಟು ಬಿಡಿಸಲ್ಲ. ಒದ್ದೆ ಇದ್ದಾಗ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ: ಕುಣಿಕೆ ತೆರೆದುಕೊಂಡರೆ ಆಸೆ ಇದೆ, ಇಲ್ಲದಿದ್ದರೆ ಸುಮ್ನೆ ಎಳೆದು ಹರಿಯಬೇಡಿ.

ಅಕ್ರಿಲಿಕ್ ಬಗ್ಗೆ ಕೇಳಿದವರಿಗೆ: ಬರೀ ನೀರಲ್ಲಿ ಅದು ಹೊಸ ಅಳತೆ ಹಿಡಿದಿಡಲ್ಲ. ನನ್ನ ಉಣ್ಣೆ ಸ್ವೆಟರಿನ ತೋಳು ಮುಕ್ಕಾಲಿಗೇ ನಿಂತಿದೆ, ತಂಗಿ ಹಾಕ್ಕೊಳ್ತಿದ್ದಾಳೆ.