ಒಂದು ಟೂತ್‌ಪೇಸ್ಟ್, ಮೂರು ತೀರ್ಮಾನ: ಸೆಗ್ಮೆಂಟೇಶನ್, ಟಾರ್ಗೆಟಿಂಗ್, ಪೊಸಿಷನಿಂಗ್

ಪ್ರಶ್ನೆ, ಮೊದಲ ವರ್ಷದ ವಿದ್ಯಾರ್ಥಿನಿ:
ಅಸೈನ್‌ಮೆಂಟ್‌ಗೆ ಟೂತ್‌ಪೇಸ್ಟ್ ಆರಿಸಿಕೊಂಡೆ. "18ರಿಂದ 30 ವರ್ಷದವರು ನಮ್ಮ ಸೆಗ್ಮೆಂಟ್, ಅವರೇ ನಮ್ಮ ಟಾರ್ಗೆಟ್, ಅವರಿಗೆ ಹಿಡಿಸುವ ಜಾಹೀರಾತೇ ಪೊಸಿಷನಿಂಗ್" ಎಂದು ಬರೆದೆ. ಒಂದೇ ಮಾತನ್ನು ಮೂರು ಸಲ ಹೇಳಿದ್ದೀರಿ ಎಂದು ಅಧ್ಯಾಪಕರು ಹಿಂದಿರುಗಿಸಿದರು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಯಾರಾದರೂ ವ್ಯತ್ಯಾಸ ತಿಳಿಸುತ್ತೀರಾ?

ಕೊನೆಯ ವರ್ಷದ ವಿದ್ಯಾರ್ಥಿ:
ಕ್ರಮ ನೆನಪಿಟ್ಟುಕೊಂಡರೆ ಸಾಕು. ಮೊದಲು ವಯಸ್ಸು, ಲಿಂಗ, ಆದಾಯದ ಪ್ರಕಾರ ಜನರನ್ನು ಭಾಗ ಮಾಡಿ. ಅದರಲ್ಲಿ ಒಂದು ಭಾಗವನ್ನು ಆರಿಸಿ. ಕೊನೆಗೆ ಅವರಿಗೊಂದು ಒಳ್ಳೆಯ ಘೋಷವಾಕ್ಯ ಬರೆಯಿರಿ, ಅದೇ ಪೊಸಿಷನಿಂಗ್. ನೀವು ಉಳಿದ ವಯೋಮಾನಗಳನ್ನು ಬರೆಯದೇ ಬಿಟ್ಟಿದ್ದೀರಿ, ಅಷ್ಟೇ ದೋಷ.

ಉತ್ತರ, ಬ್ರ್ಯಾಂಡ್ ವ್ಯವಸ್ಥಾಪಕಿ:
ಮೇಲಿನವರು ಹೇಳಿದ ಕ್ರಮ ಸರಿ. ಆದರೆ ವಯಸ್ಸಿನಿಂದ ಆರಂಭಿಸಿದರೆ ಟೂತ್‌ಪೇಸ್ಟ್ ವಿಷಯದಲ್ಲಿ ಮುಂದಿನ ದಾರಿಯೇ ಮುಚ್ಚಿಹೋಗುತ್ತದೆ. 25 ವರ್ಷದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಇನ್ನೊಬ್ಬರಿಗೆ ಹಲ್ಲಿನ ಮೇಲಿನ ಕಲೆಯದೇ ಚಿಂತೆ. ಇಬ್ಬರೂ ಒಂದೇ ಪೇಸ್ಟ್ ಕೊಳ್ಳುವುದಿಲ್ಲ. ಆದರೆ ಹಲ್ಲು ಜುಮ್ಮೆನ್ನುವ 25 ವರ್ಷದವರೂ 60 ವರ್ಷದವರೂ ಒಂದೇ ಟ್ಯೂಬಿಗೆ ಕೈ ಹಾಕುತ್ತಾರೆ. ಹಾಗಾಗಿ ಮೊದಲು ಕೊಳ್ಳುವ ಕಾರಣದ ಮೇಲೆ ಗುಂಪು ಮಾಡಿ, ಆ ಗುಂಪಿನಲ್ಲಿ ಯಾವ ವಯಸ್ಸಿನವರು ಹೆಚ್ಚು ಎಂದು ಆಮೇಲೆ ನೋಡಿ. ಅಮೆರಿಕದ ಮಾರುಕಟ್ಟೆ ಸಂಶೋಧಕ ರಸೆಲ್ ಹೇಲಿ 1968ರಲ್ಲಿ ತಮ್ಮ ಲೇಖನದಲ್ಲಿ ಇದನ್ನು ಟೂತ್‌ಪೇಸ್ಟ್ ಉದಾಹರಣೆಯಿಂದಲೇ ವಿವರಿಸಿದರು. ರುಚಿ ಬಯಸುವವರು, ಬಿಳುಪು ಬಯಸುವವರು, ಹುಳುಕಿಗೆ ಹೆದರುವವರು, ಬೆಲೆ ನೋಡುವವರು ಎಂಬ ನಾಲ್ಕು ಗುಂಪುಗಳನ್ನು ಅವರು ಗುರುತಿಸಿದ್ದರು.

ನಿಮ್ಮ ಗೊಂದಲ ಬಿಡಿಸಲು ನಾನು ಹಿಡಿಯುವ ಎಳೆ ಇದು: ಮೂರು ತೀರ್ಮಾನಗಳಿಗೂ ಬೇಕಾದ ಮಾಹಿತಿ ಬೇರೆ ಬೇರೆ ಕಡೆಯಿಂದ ಬರುತ್ತದೆ.

ಸೆಗ್ಮೆಂಟೇಶನ್‌ಗೆ ಮಾಹಿತಿ ಗ್ರಾಹಕರಿಂದ ಬರಬೇಕು. "ಕಳೆದ ಸಲ ಯಾವ ಪೇಸ್ಟ್ ಕೊಂಡಿರಿ, ಏಕೆ, ಯಾವ ಕಾರಣಕ್ಕೆ ಅದನ್ನು ಬಿಡುತ್ತೀರಿ" ಎಂದು ಕೇಳಿ, ಉತ್ತರಗಳನ್ನು ಗುಂಪುಗೂಡಿಸಿ. ನಿಮ್ಮ ಕಂಪನಿ ನಾಳೆ ಮುಚ್ಚಿದರೂ ಈ ಗುಂಪುಗಳು ಹಾಗೆಯೇ ಇರುತ್ತವೆ. ಎರಡು ಗುಂಪಿನವರು ಒಂದೇ ಪೇಸ್ಟ್, ಒಂದೇ ಬೆಲೆ, ಒಂದೇ ಜಾಹೀರಾತಿಗೆ ಒಂದೇ ಥರ ಸ್ಪಂದಿಸುತ್ತಿದ್ದರೆ ನೀವು ಎಳೆದ ಗೆರೆಯಿಂದ ಉಪಯೋಗವಿಲ್ಲ, ಅಳಿಸಿಬಿಡಿ.

ಟಾರ್ಗೆಟಿಂಗ್‌ನಲ್ಲಿ ನಿಮ್ಮ ಕಂಪನಿ ಚಿತ್ರಕ್ಕೆ ಬರುತ್ತದೆ. ನಿಮ್ಮದು ಸಣ್ಣ ಕಂಪನಿ ಎಂದುಕೊಳ್ಳೋಣ. ಹುಳುಕಿಗೆ ಹೆದರುವವರ ಗುಂಪು ದೊಡ್ಡದು, ಆದರೆ ಫ್ಲೋರೈಡ್ ಇರುವ ಪೇಸ್ಟ್‌ಗಳು ಅಲ್ಲಿ ಆಗಲೇ ತುಂಬಿವೆ. ಬೆಲೆ ನೋಡುವವರನ್ನು ಹಿಡಿಯಲು ಭಾರೀ ಪ್ರಮಾಣದಲ್ಲಿ ತಯಾರಿಸಿ ಪ್ರತಿ ಟ್ಯೂಬಿನ ಖರ್ಚು ಇಳಿಸಬೇಕು, ಅದು ನಿಮ್ಮಿಂದ ಆಗದು. ಹಲ್ಲು ಜುಮ್ಮೆನ್ನುವವರ ಗುಂಪು ಚಿಕ್ಕದು. ಆದರೆ ಅವರಿಗೆ ನೋವಿದೆ, ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದಾರೆ, ದಂತವೈದ್ಯರು ಮತ್ತು ಔಷಧ ಅಂಗಡಿಗಳ ಮೂಲಕ ಅವರನ್ನು ತಲುಪಬಹುದು. ನಿಮ್ಮ ಕಂಪನಿ ಇವರನ್ನೇ ಆರಿಸುವುದು ಲೇಸು. ದೊಡ್ಡ ಕಂಪನಿ ಅದೇ ಪಟ್ಟಿ ನೋಡಿ ಬೇರೆ ಗುಂಪನ್ನು ಆರಿಸಿದರೆ ಅದೂ ಸರಿಯೇ. ಬಿಟ್ಟುಬಿಟ್ಟ ಗುಂಪುಗಳ ಹೆಸರು ನಿಮ್ಮ ಅಸೈನ್‌ಮೆಂಟಿನಲ್ಲಿ ಇಲ್ಲದಿದ್ದರೆ ಟಾರ್ಗೆಟಿಂಗ್ ನಡೆದೇ ಇಲ್ಲ ಎಂದರ್ಥ.

ಪೊಸಿಷನಿಂಗ್‌ಗೆ ಪ್ರತಿಸ್ಪರ್ಧಿಗಳನ್ನು ನೋಡಲೇಬೇಕು. ಆರಿಸಿದ ಗುಂಪಿನ ಮನಸ್ಸಿನಲ್ಲಿ ಉಳಿದ ಪೇಸ್ಟ್‌ಗಳ ನಡುವೆ ನಿಮ್ಮದು ಯಾವ ಜಾಗ ಹಿಡಿಯಬೇಕು ಎಂಬುದು ಇಲ್ಲಿನ ತೀರ್ಮಾನ. ಕಂಪನಿಯ ಒಳಗೆ ನಾವು ಹೀಗೊಂದು ಸಾದಾ ವಾಕ್ಯ ಬರೆದುಕೊಳ್ಳುತ್ತೇವೆ: "ತಣ್ಣನೆಯದು ಬಾಯಿಗಿಡಲು ಹೆದರುವವರಿಗೆ, ದಿನಾ ಬಳಸುವ ಪೇಸ್ಟ್‌ಗಳ ಪೈಕಿ, ಜುಮ್ಮೆನ್ನುವುದನ್ನು ತಗ್ಗಿಸುವುದು ಇದು, ಏಕೆಂದರೆ ಇದರ ಪೊಟ್ಯಾಸಿಯಂ ನೈಟ್ರೇಟ್ ಹಲ್ಲಿನ ನರವನ್ನು ಶಾಂತಗೊಳಿಸುತ್ತದೆ." ಈ ವಾಕ್ಯವನ್ನು ಗ್ರಾಹಕರು ಎಂದೂ ಓದುವುದಿಲ್ಲ. ಘೋಷವಾಕ್ಯ, ಟ್ಯೂಬಿನ ಬಣ್ಣ, ಬೆಲೆ, ಮಾರುವ ಜಾಗ ಎಲ್ಲವೂ ಇದರಿಂದ ಹುಟ್ಟುತ್ತವೆ. "ಏಕೆಂದರೆ" ಎಂಬ ಭಾಗವಿಲ್ಲದಿದ್ದರೆ ಯಾರೂ ನಂಬುವುದಿಲ್ಲ. ಕ್ರೆಸ್ಟ್ ಫ್ಲೋರೈಡ್ ಪೇಸ್ಟ್ 1950ರ ದಶಕದ ನಡುವೆ ಅಮೆರಿಕದ ಮಾರುಕಟ್ಟೆಗೆ ಬಂತು. ಅದು ಹುಳುಕು ತಡೆಯುತ್ತದೆ ಎಂಬುದಕ್ಕೆ 1960ರಲ್ಲಿ ಅಲ್ಲಿನ ದಂತವೈದ್ಯರ ಸಂಘದ ಮಾನ್ಯತೆ ಸಿಕ್ಕಿದ ಮೇಲೆಯೇ ಮಾರಾಟ ಜಿಗಿಯಿತು.

ಇನ್ನೊಬ್ಬ ಸದಸ್ಯೆ:
ನನಗೂ ತಣ್ಣೀರು ಕುಡಿದರೆ ಹೀಗೆಯೇ ಆಗುತ್ತದೆ. ನೀವು ಹೇಳಿದಂಥ ಪೇಸ್ಟ್ ಒಂದು ವಾರ ಬಳಸಿದೆ, ಏನೂ ಗುಣ ಕಾಣಲಿಲ್ಲ, ಬಿಟ್ಟೆ. ಮಕ್ಕಳಂತೂ ಅದರ ರುಚಿ ಸೇರದೆ ಮುಟ್ಟಲಿಲ್ಲ. ಈಗ ಮನೆಯಲ್ಲಿ ಎರಡು ಟ್ಯೂಬ್ ಇವೆ. ಯಾವ ಕಂಪನಿಯದು ಒಳ್ಳೆಯದು?

ಬ್ರ್ಯಾಂಡ್ ವ್ಯವಸ್ಥಾಪಕಿ:
ಕಂಪನಿಯ ಹೆಸರು ನಾನು ಹೇಳುವುದು ಸರಿಯಲ್ಲ, ದಯವಿಟ್ಟು ದಂತವೈದ್ಯರಿಗೆ ತೋರಿಸಿ. ಬಿರುಕೋ ಹುಳುಕೋ ಇದ್ದರೆ ಪೇಸ್ಟ್‌ನಿಂದ ವಾಸಿಯಾಗುವುದಿಲ್ಲ. ಇಂಥ ಪೇಸ್ಟ್‌ನ ಗುಣ ಕಾಣಲು ದಿನಕ್ಕೆರಡು ಸಲದಂತೆ ಕೆಲವು ವಾರ ಬಳಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು ಈ ಅನುಭವವನ್ನು ಗಮನಿಸಿ. ಇದೇ ಪೇಸ್ಟ್‌ಗೆ "ತಕ್ಷಣ ಆರಾಮ" ಎಂಬ ಜಾಗ ಹಿಡಿಯಲು ಹೋದರೆ ಗ್ರಾಹಕರು ಎರಡನೆಯ ಟ್ಯೂಬ್ ಕೊಳ್ಳುವುದೇ ಇಲ್ಲ. ಮೊದಲ ಖರೀದಿ ಹೆಚ್ಚಿದ್ದು, ಮರುಖರೀದಿ ಕುಸಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ನಾವು ಕೊಟ್ಟ ಭರವಸೆಯನ್ನೇ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:
ಹಾಗಾದರೆ "ಬಿಳುಪೂ ಕೊಡುತ್ತದೆ, ಜುಮ್ಮೆನ್ನುವುದನ್ನೂ ತಗ್ಗಿಸುತ್ತದೆ" ಎಂದು ಹೇಳಿ ಎರಡು ಗುಂಪನ್ನೂ ಸೆಳೆಯಬಹುದಲ್ಲವೇ?

ಬ್ರ್ಯಾಂಡ್ ವ್ಯವಸ್ಥಾಪಕಿ:
ಬಿಳುಪಿನ ಪೇಸ್ಟ್‌ಗಳು ಬಹುಮಟ್ಟಿಗೆ ಸಿಲಿಕಾದಂಥ ಕಣಗಳಿಂದ ಕಲೆಯನ್ನು ಉಜ್ಜಿ ತೆಗೆಯುತ್ತವೆ. ಒಸಡು ಸರಿದು ಒಳಪದರ ತೆರೆದುಕೊಂಡ ಹಲ್ಲಿಗೆ ಜೋರಾದ ಉಜ್ಜುವಿಕೆಯೇ ಶತ್ರು. ಮೃದುವಾದ ಮಿಶ್ರಣದಿಂದ ಎರಡನ್ನೂ ಸ್ವಲ್ಪ ಸ್ವಲ್ಪ ಕೊಡಬಹುದು, ಅಂಥವು ಮಾರುಕಟ್ಟೆಯಲ್ಲಿವೆ. ಆದರೆ ಅದು ಹೆಸರು ಮಾಡಿದ ಬ್ರ್ಯಾಂಡ್ ಆಮೇಲೆ ಇಡುವ ಹೆಜ್ಜೆ. ಹೊಸ ಸಣ್ಣ ಬ್ರ್ಯಾಂಡ್ ಎರಡನ್ನೂ ಹೇಳಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ನಾನಾದರೆ ಒಂದನ್ನೇ ಹೇಳುತ್ತೇನೆ.

ಮಾರುಕಟ್ಟೆ ಸಂಶೋಧಕ:
ಎರಡು ಕಡೆ ನನಗೆ ಭಿನ್ನಾಭಿಪ್ರಾಯವಿದೆ. ಕೆಲಸ ಯಾವಾಗಲೂ ಈ ಕ್ರಮದಲ್ಲೇ ನಡೆಯುವುದಿಲ್ಲ. ಎಷ್ಟೋ ಸಲ ಪ್ರಯೋಗಾಲಯದಲ್ಲಿ ಒಂದು ಮಿಶ್ರಣ ಮೊದಲು ಸಿದ್ಧವಾಗುತ್ತದೆ, ಅದು ಯಾರಿಗೆ ಬೇಕು ಎಂಬ ಹುಡುಕಾಟ ಆಮೇಲೆ. ಇನ್ನೊಂದು, ಮನೆಯಲ್ಲಿ ಎರಡು ಟ್ಯೂಬ್ ಇವೆ ಎಂದವರನ್ನು ನೀವು ಯಾವ ಗುಂಪಿಗೆ ಸೇರಿಸುತ್ತೀರಿ? ತಮಗಾಗಿ ನೋವಿನ ಪೇಸ್ಟ್, ಮಕ್ಕಳಿಗಾಗಿ ರುಚಿಯ ಪೇಸ್ಟ್. ಎರಡನ್ನೂ ಕೊಳ್ಳುವ ಕೈ ಒಂದೇ. ನಾನು ಜನರ ಬದಲು ಖರೀದಿಯ ಸಂದರ್ಭಗಳನ್ನೇ ಗುಂಪು ಮಾಡುತ್ತೇನೆ.

ಬ್ರ್ಯಾಂಡ್ ವ್ಯವಸ್ಥಾಪಕಿ:
ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದರಲ್ಲಿ ನನಗೊಂದು ತೊಡಕಿದೆ: ಸಂದರ್ಭಕ್ಕೆ ವಿಳಾಸವಿರುವುದಿಲ್ಲ. ದಂತವೈದ್ಯರ ಬಳಿ ಹೋಗುವವರು ಯಾರು ಎಂದು ಗೊತ್ತಾದರೆ ಅವರಿಗೆ ಸಣ್ಣ ಮಾದರಿ ಟ್ಯೂಬ್ ತಲುಪಿಸಬಹುದು. ಸಂದರ್ಭಗಳ ಪಟ್ಟಿ ಹಿಡಿದು ಅದನ್ನು ಎಲ್ಲಿಗೆ ಕಳುಹಿಸುತ್ತೀರಿ?

ಮಾರುಕಟ್ಟೆ ಸಂಶೋಧಕ:
ಅಂಗಡಿಯಲ್ಲಿ ಮಕ್ಕಳ ಪೇಸ್ಟ್ ಇರುವ ಜಾಗದ ಪಕ್ಕಕ್ಕೆ. ಕೊಳ್ಳುವ ತಾಯಿ ತಂದೆ ನಿಂತಿರುವುದು ಅಲ್ಲಿಯೇ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:
ತರಗತಿಯ 20 ಮಂದಿಗೆ "ಕಳೆದ ಸಲ ಯಾವ ಪೇಸ್ಟ್, ಏಕೆ, ಯಾವಾಗ ಬಿಡುತ್ತೀರಿ" ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅಷ್ಟು ಸಾಕೇ?

ಮಾರುಕಟ್ಟೆ ಸಂಶೋಧಕ:
ಗುಂಪುಗಳ ಗಾತ್ರ ಹೇಳಲು ಸಾಲದು, ಹಾಗೆಂದು ಅಸೈನ್‌ಮೆಂಟಿನಲ್ಲಿ ಬರೆಯಿರಿ. ಒಂದೇ ವಯಸ್ಸಿನವರಲ್ಲಿ ಕಾರಣಗಳು ಬೇರೆ ಬೇರೆ ಇವೆಯೇ ಎಂದು ನೋಡಲು ಧಾರಾಳ ಸಾಕು. ಪೇಸ್ಟ್ ತಾವೇ ಕೊಳ್ಳುತ್ತಾರೋ, ಮನೆಯವರು ತಂದದ್ದನ್ನು ಬಳಸುತ್ತಾರೋ ಎಂದೂ ಕೇಳಿ.